ಬೀಗದ ಗುರುತು

ವೀಸಾ ಕೇಂದ್ರದ ಬಾಗಿಲಲ್ಲಿ ಕೂತಿದ್ದ ಹೆಂಗಸು ಕಾಗದವನ್ನು ಯಂತ್ರದ ಕೆಂಪು ಬೆಳಕಿನಡಿ ಹಿಡಿದಳು. ಯಂತ್ರ ಸದ್ದು ಮಾಡಲಿಲ್ಲ. ಮಡಿಕೆ ನೇರ ಮಾಡಿ ಇನ್ನೊಮ್ಮೆ ಹಿಡಿದಳು. ಆಮೇಲೆ ಪಾಸ್‌ಪೋರ್ಟಿನ ನಂಬರನ್ನು ಕೈಯಲ್ಲೇ ಒತ್ತಿ, ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕಾಗದವನ್ನು ವಾಪಸ್ಸು ಕೊಟ್ಟಳು.

"ಇವತ್ತಿನ ಪಟ್ಟೀಲಿ ಈ ಹೆಸರಿಲ್ಲ ಸರ್. ಈ ಕಾಗದ ನಮ್ಮಲ್ಲಿಂದ ಬಂದಿದ್ದಲ್ಲ."

ಕಾಗದ ತಂದಿದ್ದ ಕ್ಯಾಷಿಯರ್‌ಗೆ ಮೊದಲು ಬಂದದ್ದು ಕೋಪ. ಬ್ಯಾಂಕಿನ ಕೌಂಟರಿನ ಈಚೆ ಕೂತು ಅಭ್ಯಾಸವಿದ್ದವನಿಗೆ ಇನ್ನೊಬ್ಬರ ಕೌಂಟರಿನ ಮುಂದೆ ನಿಲ್ಲುವುದೇ ಕಸಿವಿಸಿ. "ನೋಡಿ, ಮೇಲೆ ಬಾವುಟ ಇದೆ, ಎಂಬೆಸಿ ಹೆಸರಿದೆ, ದಿನ ಇದೆ, ಸಮಯ ಇದೆ. ದುಡ್ಡು ಕಟ್ಟಿದ್ದೂ ಆಗಿದೆ," ಎಂದ.

"ಅಪಾಯಿಂಟ್‌ಮೆಂಟಿಗೇ ದುಡ್ಡು ಕಟ್ಟಿದ್ರಾ?"

ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಅವನಿಗೆ ಜಗಳವಾಡಲು ಏನಾದರೂ ಸಿಗುತ್ತಿತ್ತು. "ಇಂಥವು ದಿನಾ ಬರ್ತವೆ ಸರ್. ಎಂಬೆಸಿಯವರ ಸ್ವಂತ ಪುಟಕ್ಕೆ ಹೋಗಿ, ಅಲ್ಲಿ ನಮ್ಮ ಕೇಂದ್ರದ ಲಿಂಕ್ ಇರತ್ತೆ, ಅದರಿಂದ ಬುಕ್ ಮಾಡಿ. ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಹಿಂದಿನವರು ಕಾಯ್ತಿದಾರೆ."

ಅವನು ಪಕ್ಕಕ್ಕೆ ಸರಿದ. ಹಿಂದಿನವರು ಅವನ ಮುಖ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ತಂತಮ್ಮ ಕಾಗದಗಳನ್ನು ನೋಡಿಕೊಳ್ಳತೊಡಗಿದರು.

ಪುಣ್ಯಕ್ಕೆ ಚಿಕ್ಕಮ್ಮ ಅಲ್ಲಿರಲಿಲ್ಲ. ಒಳಗೆ ಫೋನು, ಚೀಲ ಬಿಡುವುದಿಲ್ಲವೆಂದು ಗೊತ್ತಾಗಿ, ಎದುರಿನ ಅಂಗಡಿಯಲ್ಲಿ ಅವನ್ನು ಇಟ್ಟು ಬರಲು ಹೋಗಿದ್ದಳು. ಅವಳು ಕ್ಯಾಷಿಯರನ ಹೆಂಡತಿಯ ತಂಗಿ. ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಅವನೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ. ಆಸ್ಪತ್ರೆಯೊಂದರ ಹಿಂಭಾಗದ ಕಾರ್ಖಾನೆಯಲ್ಲಿ ಕೃತಕ ಕಾಲು ಮಾಡುವುದು ಅವಳ ಕೆಲಸ. ಮಂಡಿಯ ಮೇಲಿಂದ ಕಾಲು ಕಳೆದುಕೊಂಡವರಿಗೆ ಹೊಸ ಬಗೆಯ ಮಂಡಿ ಕೀಲು ಕೂರಿಸುವುದನ್ನು ಕಲಿಯಲು ಹೊರದೇಶದ ತರಬೇತಿಯೊಂದಕ್ಕೆ ಅವಳನ್ನು ಆರಿಸಿದ್ದರು. ಅಲ್ಲಿಂದ ಕರೆಪತ್ರ ಬಂದ ದಿನವೇ ಅದನ್ನು ತಂದು ಅಕ್ಕನ ಗಂಡನ ಕೈಗೆ ಕೊಟ್ಟು, "ಭಾವ, ಕಾಲು ಕೊಡಿ ಅಂದ್ರೆ ಮಾಡಿಕೊಡ್ತೀನಿ, ಈ ಕಂಪ್ಯೂಟರ್ ಸಹವಾಸ ನಂಗೆ ಬೇಡ. ನೀವು ನೋಡ್ಕೊಳ್ಳಿ," ಎಂದಿದ್ದಳು. ಅವನೂ ಖುಷಿಯಿಂದಲೇ ಒಪ್ಪಿಕೊಂಡಿದ್ದ. ಆ ಖುಷಿ ಈಗ ನೆನಪಾಗಿ ಕಿವಿ ಬಿಸಿಯಾಯಿತು.

ಅವಳು ರಸ್ತೆ ದಾಟಿ ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಫೈಲು. ಉಗುರಿನ ಸಂದಿಯಲ್ಲಿ ಕೂತ, ಕಾಲಿನ ಅಚ್ಚು ತೆಗೆಯುವ ಬಿಳಿ ಗಾರೆ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

"ಏನಂದ್ರು ಭಾವ? ಒಳಗೆ ಹೋಗ್ಲಾ?"

"ಅವರ ಸಿಸ್ಟಮ್ ಕೆಟ್ಟಿದೆಯಂತೆ," ಎಂದ ಕ್ಯಾಷಿಯರ್.

ಮಾತು ಬಾಯಿಂದ ಬಂದ ಮೇಲೆ ಅದು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಬ್ಯಾಂಕಿನಲ್ಲಿ ದಿನಕ್ಕೆ ಎಷ್ಟೋ ಸಲ ಹೇಳುವ ಮಾತೇ ಅದು. "ಇನ್ನೊಂದು ದಿನ ಕೊಡ್ತಾರಂತೆ. ನಾನು ನೋಡ್ಕೋತೀನಿ."

"ಅಷ್ಟೇನಾ? ನಿಮ್ಮ ಮುಖ ನೋಡಿ ನಾನು ಏನೋ ಆಗೋಯ್ತು ಅಂದ್ಕೊಂಡೆ."

ಎದುರಿನ ಅಂಗಡಿಯ ಬೆಂಚಿನಲ್ಲಿ ಕೂತು ಇಬ್ಬರೂ ಟೀ ಕುಡಿದರು. ಚಿಕ್ಕಮ್ಮ ಕಾರ್ಖಾನೆಯ ಸುದ್ದಿ ಹೇಳಿದಳು. ಅಂಚೆಯವನೊಬ್ಬನಿಗೆ ಕಾಲಿನ ಅಚ್ಚು ತೆಗೆದು ಅರ್ಧಕ್ಕೆ ಬಿಟ್ಟು ಬಂದಿದ್ದಳಂತೆ. ಅವನು ಅವಳನ್ನು ರೇಗಿಸಿದ್ದನಂತೆ: "ಮೇಡಂ, ನೀವು ವಿಮಾನ ಹತ್ತೋದ್ರೊಳಗೆ ನನ್ನ ಕಾಲು ಮುಗಿಸಿಬಿಡಿ. ಇಲ್ಲದಿದ್ರೆ ನಿಮ್ಮನ್ನ ಕಳಿಸೋಕೆ ನಾನು ಕುಂಟಿಕೊಂಡೇ ಬರಬೇಕಾಗತ್ತೆ." ಅವಳು ನಕ್ಕಳು. ಕ್ಯಾಷಿಯರನೂ ನಕ್ಕ.

"ನೀವಿದ್ದೀರಲ್ಲ ಭಾವ, ನಂಗೇನು ಚಿಂತೆ," ಎಂದು ಅವಳೇ ಟೀಯ ದುಡ್ಡು ಕೊಟ್ಟು ಎದ್ದಳು.

ಅವನ ಶಾಖೆಯ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಇತ್ತು. ಅದನ್ನು ಬರೆದವನು ಅವನೇ. ಅಂಥ ಹಾಳೆ ಮೇಲಿನ ಕಚೇರಿಯಿಂದಲೂ ಬರುತ್ತದೆ. ಆದರೆ ಅದರ ಭಾಷೆ ಯಾರಿಗೂ ಅರ್ಥವಾಗುವುದಿಲ್ಲವೆಂದು ಅವನು ತಾನೇ ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದ. ಫೋನಿಗೆ ಬಂದ ನಂಬರನ್ನು ಯಾರಿಗೂ ಹೇಳಬೇಡಿ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ವಿಳಾಸದ ಪಕ್ಕ ಬೀಗದ ಗುರುತಿದ್ದರೆ ಮಾತ್ರ ದುಡ್ಡು ಕಟ್ಟಿ. ಬೀಗದ ಚಿತ್ರವನ್ನು ಬಣ್ಣದ ಪೆನ್ನಿನಲ್ಲಿ, ಕೀಲಿಯ ತೂತಿನ ಸಮೇತ ಬಿಡಿಸಿದ್ದ. ಶನಿವಾರ ಬೆಳಿಗ್ಗೆ ಗ್ರಾಹಕರನ್ನು ಕೂರಿಸಿ ಅದನ್ನೇ ಬೆರಳಿಟ್ಟು ತೋರಿಸಿ ವಿವರಿಸುತ್ತಿದ್ದ. ಸಹೋದ್ಯೋಗಿಗಳು ಅವನಿಗೆ "ಬೀಗದ ಸರ್" ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನಿಗೆ ಒಳಗೊಳಗೇ ಹಿಡಿಸಿತ್ತು.

ಆ ಸಂಜೆ ಕೌಂಟರು ಮುಚ್ಚಿದ ಮೇಲೆ ಅದೇ ಹಾಳೆಯ ಕೆಳಗೆ ಕೂತು ಅವನು ತಾನು ದುಡ್ಡು ಕಟ್ಟಿದ್ದ ಪುಟವನ್ನು ಮತ್ತೆ ಹುಡುಕಿದ. ದೇಶದ ಹೆಸರು, ವೀಸಾ, ಅಪಾಯಿಂಟ್‌ಮೆಂಟ್ ಎಂದು ಬರೆದು ಒತ್ತಿದ. ಮೊದಲ ಸಾಲಿನಲ್ಲೇ ಅದು ಬಂತು. ಅದರ ನೆತ್ತಿಯ ಮೇಲೆ ಸಣ್ಣಗೆ "ಪ್ರಾಯೋಜಿತ" ಎಂದಿತ್ತು. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಂದರ್ಥ. ಮೊದಲ ಸಲ ಆ ಪದ ಕಣ್ಣಿಗೆ ಬಿದ್ದಿರಲಿಲ್ಲವೇ, ಬಿದ್ದೂ ಮೊದಲು ಬಂದದ್ದೇ ಸರಿಯಾದದ್ದು ಅಂದುಕೊಂಡಿದ್ದನೇ, ನೆನಪಾಗಲಿಲ್ಲ. ಪುಟ ತೆರೆದ. ಬಾವುಟ ಇತ್ತು. ವಿಳಾಸದ ಪಕ್ಕ ಬೀಗ ಇತ್ತು. ಪುಟದ ತೀರಾ ತಳದಲ್ಲಿ, ಬೂದು ಬಣ್ಣದ ಮೇಲೆ ಬೂದು ಅಕ್ಷರಗಳಲ್ಲಿ ಒಂದು ಸಾಲು: ನಮ್ಮದು ಖಾಸಗಿ ಸೇವೆ, ಯಾವುದೇ ರಾಯಭಾರ ಕಚೇರಿಗೂ ನಮಗೂ ಸಂಬಂಧವಿಲ್ಲ.

ಆ ಬೀಗ ಹೇಳುವುದು ಇಷ್ಟೇ. ನಾವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆ ಯಾರೂ ಓದುವುದಿಲ್ಲ. ಅದು ಹೋಗಿ ಸೇರುವುದು ಯಾರ ಕೈಗೆ, ಅವರು ಒಳ್ಳೆಯವರೇ ಕೆಟ್ಟವರೇ, ಅದನ್ನು ಬೀಗ ಹೇಳುವುದಿಲ್ಲ. ಮೋಸಗಾರನೂ ತನ್ನ ಪುಟಕ್ಕೆ ಬೀಗ ಹಾಕಿಸಿಕೊಳ್ಳಬಹುದು. ಈ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಮೇಲಿನ ಕಚೇರಿಯ ತರಬೇತಿಯಲ್ಲಿ ಯಾರೋ ಹೇಳಿದ್ದರು. ಹಾಳೆಯಲ್ಲಿ ಅಷ್ಟನ್ನೆಲ್ಲ ಬರೆಯಲು ಜಾಗವಿಲ್ಲವೆಂದು ಬಿಟ್ಟಿದ್ದ. ಬಿಟ್ಟು ಬಿಟ್ಟು, ತಾನು ಬರೆದದ್ದನ್ನೇ ತಾನು ನಂಬತೊಡಗಿದ್ದ.

ಈ ಸಲ ಆ ದೇಶದ ವಿದೇಶಾಂಗ ಇಲಾಖೆಯ ಪುಟದಿಂದ ಶುರುಮಾಡಿದ. ಅದರ ವಿಳಾಸದ ತುದಿಯಲ್ಲಿ ಸರ್ಕಾರಗಳು ಮಾತ್ರ ಬಳಸುವ ಗುರುತಿತ್ತು. ಅಲ್ಲಿಂದ ಇಲ್ಲಿನ ರಾಯಭಾರ ಕಚೇರಿಯ ಪುಟಕ್ಕೆ, ಅಲ್ಲಿಂದ ವೀಸಾ ಕೇಂದ್ರದ ಪುಟಕ್ಕೆ ಹೋದ. ಅಪಾಯಿಂಟ್‌ಮೆಂಟಿಗೆ ಅಲ್ಲಿ ದುಡ್ಡೇ ಇರಲಿಲ್ಲ. ವೀಸಾದ ಶುಲ್ಕ ಎಷ್ಟು, ಕೇಂದ್ರದ ಸೇವಾಶುಲ್ಕ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿತ್ತು. ಬೇಗ ದಿನ ಕೊಡಿಸುತ್ತೇವೆ ಎನ್ನುವ ಯಾವ ಏಜೆಂಟರಿಗೂ ನಾವು ಅಂಥ ಹಕ್ಕು ಕೊಟ್ಟಿಲ್ಲ ಎಂಬ ಎಚ್ಚರಿಕೆ ದೊಡ್ಡ ಅಕ್ಷರಗಳಲ್ಲೇ ಇತ್ತು. ಸದ್ಯ, ತರಬೇತಿ ಶುರುವಾಗುವ ಮೊದಲೇ ಕೆಲವು ದಿನಗಳು ಖಾಲಿ ಇದ್ದವು.

ಚಿಕ್ಕಮ್ಮನ ಪಾಸ್‌ಪೋರ್ಟ್ ನಂಬರು ಹಾಕಿದ. ಕೆಂಪು ಸಾಲೊಂದು ಬಂತು. ಈ ಪಾಸ್‌ಪೋರ್ಟ್ ಈಗಾಗಲೇ ಬೇರೊಂದು ಖಾತೆಯಲ್ಲಿ ನೋಂದಣಿಯಾಗಿದೆ.

ಅಂದರೆ ಆ ಸುಳ್ಳು ಪುಟದ ಏಜೆಂಟರು ಅವಳ ಹೆಸರಿನಲ್ಲಿ, ತಮ್ಮ ಮೇಲ್ ವಿಳಾಸ ಕೊಟ್ಟು ಇಲ್ಲಿ ಖಾತೆ ತೆರೆದಿಟ್ಟಿದ್ದರು. ದಿನ ಮಾತ್ರ ತೆಗೆದುಕೊಂಡಿರಲಿಲ್ಲ. ಈಗ ಬಾಗಿಲು ಅವಳದು, ಕೀಲಿ ಅವರ ಕೈಯಲ್ಲಿ.

ಇದನ್ನು ಅವತ್ತೇ ಹೇಳಬಹುದಿತ್ತು. ಅವನು ಹೇಳಲಿಲ್ಲ. ಹೆಂಡತಿ ಊಟಕ್ಕೆ ಬಡಿಸುತ್ತ, "ತಂಗಿ ಕೆಲಸ ಏನಾಯ್ತು?" ಎಂದಾಗ "ಆಗ್ತಾ ಇದೆ" ಎಂದ. "ಬೇರೆಯವರಾಗಿದ್ರೆ ಏಜೆಂಟರ ಹಿಂದೆ ಅಲೆದು ಸಾಯ್ತಿದ್ರು. ನಮ್ಮನೇಲೇ ತಿಳಿದವರಿರೋದು ಎಷ್ಟು ಅನುಕೂಲ ನೋಡಿ," ಎಂದು ಅವಳು ಇನ್ನಷ್ಟು ಬಡಿಸಿದಳು. ಮಾರನೆಯ ದಿನವೂ "ಆಗ್ತಾ ಇದೆ" ಎಂದ. ಕೇಂದ್ರದ ಪುಟವನ್ನು ಕದ್ದು ಕದ್ದು ತೆರೆದು ನೋಡುತ್ತಿದ್ದ. ಖಾಲಿ ಇದ್ದ ದಿನಗಳು ಒಂದೊಂದಾಗಿ ತುಂಬುತ್ತಿದ್ದವು. ಹೇಳಿದರೆ ಏನಾಗುತ್ತದೆ, ಚಿಕ್ಕಮ್ಮ ಬೈಯುತ್ತಾಳೆಯೇ? ಇಲ್ಲ. ಅವಳು ಬೈಯುವವಳಲ್ಲ. ಅವನಿಗೆ ಹೆದರಿಕೆ ಬೇರೆಯದೇ ಇತ್ತು. ಅವಳು ಇನ್ನು ಮುಂದೆ "ನೀವಿದ್ದೀರಲ್ಲ ಭಾವ" ಎನ್ನುವುದಿಲ್ಲ.

ಕಡೆಗೆ ಏಜೆಂಟರಿಗೇ ಫೋನ್ ಮಾಡಿದ. ದನಿ ಜೇನಿನ ಹಾಗಿತ್ತು.

"ಸರ್, ನೀವು ತಗೊಂಡಿದ್ದು ಸಾಧಾರಣ ಪ್ಯಾಕೇಜು. ಅದರಲ್ಲಿ ನಾವು ದಿನ ಕೇಳ್ತೀವಿ ಅಷ್ಟೇ, ಕಾಗದದಲ್ಲಿ ಇರೋದು ನಾವು ಕೇಳಿದ ದಿನ. ಖಾತ್ರಿ ಬೇಕಂದ್ರೆ ಪ್ರೀಮಿಯಂ ಇದೆ."

"ನನ್ನ ದುಡ್ಡು ವಾಪಸ್ಸು ಕೊಡಿ. ಆ ಖಾತೆ ಬಿಟ್ಟುಕೊಡಿ."

"ಅದಕ್ಕೆ ಅವಕಾಶ ಇಲ್ಲ ಸರ್. ನೀವು ಒಪ್ಪಿದ ಷರತ್ತಿನಲ್ಲೇ ಇದೆಯಲ್ಲ? ಪ್ರೀಮಿಯಂ ಆದ್ರೆ ಇವತ್ತೇ ಮಾಡಿಸ್ತೀವಿ. ಮೇಡಂ ಫೋನಿಗೆ ಒಂದು ನಂಬರ್ ಹೋಗತ್ತೆ, ಅದನ್ನ ನಮಗೆ ಹೇಳಿ ಸಾಕು."

ಬ್ಯಾಂಕಿನ ಗ್ರಾಹಕರಿಗೆ ಯಾರಾದರೂ ಫೋನಿನಲ್ಲಿ ಹೀಗೆ ಹೇಳಿದ್ದರೆ ಅವನು ಅವರ ಕೈಯಿಂದ ಫೋನ್ ಕಿತ್ತುಕೊಂಡು ಕರೆ ಕತ್ತರಿಸುತ್ತಿದ್ದ. ಈಗ ಅವನು ಲೆಕ್ಕ ಹಾಕಿದ್ದೇ ಬೇರೆ. ಇನ್ನಷ್ಟು ದುಡ್ಡು ಹೋದರೆ ಹೋಗಲಿ, ನನ್ನದೇ ತಾನೆ. ದಿನ ಸಿಕ್ಕಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ಕಳಿಸಿ," ಎಂದ.

ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿದ. ಹಿಂದೆ ಗ್ರೈಂಡರಿನ ಸದ್ದಿತ್ತು. ಅವಳು ಏನೋ ಕೂಗಿ ಹೇಳಿದಳು, ಸದ್ದು ನಿಂತಿತು.

"ಚಿಕ್ಕಮ್ಮ, ನಿನ್ನ ಫೋನಿಗೆ ಈಗೊಂದು ನಂಬರ್ ಬಂದಿರತ್ತೆ. ಅದನ್ನ ಹೇಳು."

ಅತ್ತ ಕಡೆ ನಗು. "ಏನ್ ಭಾವ, ಪರೀಕ್ಷೆ ಮಾಡ್ತಿದೀರಾ? ಯಾರು ಕೇಳಿದ್ರೂ ಹೇಳಬಾರದು ಅಂತ ಗೋಡೆಗೆ ಬರೆದು ಹಾಕಿದವರು ನೀವೇ ಅಲ್ವಾ? ನಮ್ಮ ಕಾರ್ಖಾನೆಗೂ ಒಂದು ಪ್ರತಿ ಕೊಟ್ಟಿದೀರಿ. ಇಲ್ಲೇ ಗೋಡೆ ಮೇಲಿದೆ, ಬೀಗದ ಚಿತ್ರ ಸಮೇತ."

ಅವನು ಪೆನ್ನಿನ ಮುಚ್ಚಳ ತೆಗೆದ.

"ಇರಲಿ, ನೀವು ತಾನೆ ಕೇಳ್ತಿರೋದು. ಬೇರೆಯವರಾ?" ಎಂದಳು. "ಕೈಯೆಲ್ಲಾ ಗಾರೆ, ಒಂದ್ನಿಮಿಷ. ಹಾಂ, ಬಂದಿದೆ. ಬರ್ಕೊಳ್ಳಿ. ಏಳು, ಸೊನ್ನೆ..."

"ಬೇಡ," ಎಂದ ಕ್ಯಾಷಿಯರ್.

"ಕೇಳಿಸ್ಲಿಲ್ವಾ? ಏಳು..."

"ಬೇಡ, ಹೇಳಬೇಡ. ಯಾರಿಗೂ ಹೇಳಬೇಡ, ನನಗೂ ಹೇಳಬೇಡ. ನಾನೇ ಅಲ್ಲಿಗೆ ಬರ್ತೀನಿ."

ಕಾರ್ಖಾನೆಯಲ್ಲಿ ಕಾಲುಗಳು ಗೋಡೆಗೆ ಒರಗಿ ನಿಂತಿದ್ದವು. ಕೆಲವಕ್ಕೆ ಚಪ್ಪಲಿ ತೊಡಿಸಿತ್ತು. ಬಾಗಿಲಿನ ಪಕ್ಕದಲ್ಲಿ ಅವನ ಹಾಳೆ. ಮೇಲಿನ ಅಂಚಿಗೆ ಯಾರೋ ಪ್ಲಾಸ್ಟಿಕ್ ಅಂಟಿಸಿ ಜೋಪಾನ ಮಾಡಿದ್ದರು. ಚಿಕ್ಕಮ್ಮ ಗಾರೆಯ ಅಚ್ಚನ್ನು ಅರದಿಂದ ನಯ ಮಾಡುತ್ತಿದ್ದಳು. ಅವನು ನಿಂತೇ ಹೇಳಿದ. ಬಾಗಿಲ ಹೆಂಗಸು ಹೇಳಿದ್ದು, ಜಾಹೀರಾತು, ಬೀಗ, ಬೇರೆಯವರು ತೆರೆದ ಖಾತೆ, ಪ್ರೀಮಿಯಂ. ಎಲ್ಲಿಯೂ ನಿಲ್ಲಿಸದೆ ಹೇಳಿದ, ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆ ಎಂದು.

ಅವಳ ಅರ ನಿಲ್ಲಲಿಲ್ಲ. ಅಚ್ಚನ್ನು ಒಂದು ಸುತ್ತು ತಿರುಗಿಸಿದಳು.

"ಅವತ್ತು ಟೀ ಕುಡೀವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಅಂಚೆಯವನ ವಿಷಯ ಹೇಳಿ ನಗ್ತಿದ್ದೆ."

"ಹೂಂ."

"ನೀವೂ ನಕ್ಕಿರಿ." ಅವಳು ಅರ ಕೆಳಗಿಟ್ಟಳು. "ಮೋಸ ಹೋದದ್ದಕ್ಕೆ ನಾನೇನೂ ಅನ್ನಲ್ಲ ಭಾವ. ನಾನಾಗಿದ್ರೂ ಹೋಗ್ತಿದ್ದೆ. ಇಷ್ಟು ದಿನ ಸುಮ್ಮನಿದ್ರಲ್ಲ. ಆ ದಿನಗಳು ನನ್ನವು."

ಅವನು ತಲೆಯಾಡಿಸಿದ. ಕ್ಷಮಿಸು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಅವಳು "ಬಿಡಿ ಭಾವ" ಎಂದುಬಿಡುತ್ತಾಳೆಂದು ಗೊತ್ತಿತ್ತು. ಹಾಗೆ ಸುಲಭಕ್ಕೆ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಅವಳು ಕೈ ತೊಳೆದು ಬಂದು ಕುರ್ಚಿ ಎಳೆದಳು. "ಈಗ ಏನು ಮಾಡಬೇಕು? ಹೇಳಿ. ಈ ಸಲ ನಾನೇ ಒತ್ತುತೀನಿ."

ಅವಳೇ ಒತ್ತಿದಳು. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತು, ಅವಳು ಕೇಳಿದ್ದಕ್ಕೆ ಮಾತ್ರ ಉತ್ತರಿಸಿದ. ರಾಯಭಾರ ಕಚೇರಿಯ ಪುಟದಿಂದ ಕೇಂದ್ರದ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟಿದ್ದ ಸಹಾಯದ ವಿಳಾಸಕ್ಕೆ ಅವಳ ಮೇಲ್‌ನಿಂದಲೇ ಬರೆದಳು: ನನ್ನ ಪಾಸ್‌ಪೋರ್ಟಿನಲ್ಲಿ ಬೇರೆಯವರು ಖಾತೆ ತೆರೆದಿದ್ದಾರೆ, ಅದನ್ನು ರದ್ದು ಮಾಡಿ. ಪಾಸ್‌ಪೋರ್ಟಿನ ಭಾವಚಿತ್ರದ ಪುಟ, ಆ ಸುಳ್ಳು ಕಾಗದ ಎರಡನ್ನೂ ಜೊತೆಗಿಟ್ಟಳು. ಸೈಬರ್ ಅಪರಾಧದ ದೂರನ್ನೂ ಅಲ್ಲೇ ದಾಖಲಿಸಿದಳು. ಪಾಸ್‌ಪೋರ್ಟಿನ ವಿವರ ಯಾರ ಯಾರ ಕೈಗೆ ಹೋಗಿದೆಯೋ ಹೇಳಲಾಗದು. ಅವನು ಬ್ಯಾಂಕಿಗೆ ವಾಪಸ್ಸಾಗಿ ತನ್ನ ಕಾರ್ಡನ್ನು ನಿಲ್ಲಿಸಲು, ದುಡ್ಡಿನ ತಕರಾರು ಸಲ್ಲಿಸಲು ತನ್ನದೇ ಶಾಖೆಯ ಕೌಂಟರಿನ ಆಚೆ ನಿಲ್ಲಬೇಕಾಯಿತು. ಅರ್ಜಿ ತೆಗೆದುಕೊಂಡ ಸಹೋದ್ಯೋಗಿ ಓದಿ, ತಲೆಯೆತ್ತಿ, ಗೋಡೆಯ ಹಾಳೆಯ ಕಡೆ ನೋಡಬಾರದೆಂದು ಪ್ರಯತ್ನಪಟ್ಟ. ಆಗಲಿಲ್ಲ.

"ಆ ಬೀಗದ ಸಾಲು ತಪ್ಪು," ಎಂದ ಕ್ಯಾಷಿಯರ್. ಕುರ್ಚಿ ಹತ್ತಿ ಹಾಳೆಯನ್ನು ತಾನೇ ಕಿತ್ತು ತೆಗೆದ. ಅದರ ಹಿಂದೆ ಗೋಡೆ ಬೇರೆ ಬಣ್ಣದಲ್ಲಿತ್ತು.

ಆ ಶನಿವಾರ ಬಂದ ಗ್ರಾಹಕರಲ್ಲಿ ನಿವೃತ್ತ ನರ್ಸೊಬ್ಬರು, "ಬೀಗ ಇದ್ರೆ ಕಟ್ಟಬಹುದು ಅಂತ ನೀವೇ ಹೇಳಿದ್ರಲ್ಲ, ಅದನ್ನ ನಂಬ್ಕೊಂಡು ನಾನು ನಮ್ಮ ಓಣಿಯವರಿಗೆಲ್ಲಾ ಹೇಳಿದೀನಿ," ಎಂದರು. ಅವನು ಹೂಂ ಎಂದ. ಎಷ್ಟು ಜನಕ್ಕೆ ಹೇಳಿದ್ದೀರಿ ಎಂದು ಕೇಳುವ ಧೈರ್ಯ ಬರಲಿಲ್ಲ. "ಅವರಿಗೆಲ್ಲಾ ಇನ್ನೊಮ್ಮೆ ಹೇಳ್ತೀರಾ? ಬೀಗದ ಸರ್ ತಪ್ಪು ಹೇಳಿದ್ರು ಅಂತ," ಎಂದು ಕೇಳಿಕೊಂಡ.

ಖಾತೆ ಬಿಡುಗಡೆಯಾಯಿತು. ಆದರೆ ಆ ಹೊತ್ತಿಗೆ ಹತ್ತಿರದ ದಿನಗಳೆಲ್ಲ ತುಂಬಿಹೋಗಿದ್ದವು. ಸಿಕ್ಕಿದ ದಿನಕ್ಕೆ ಹೋಗಿ ವೀಸಾ ಕೈಗೆ ಬರುವಷ್ಟರಲ್ಲಿ ತರಬೇತಿ ಶುರುವಾಗಿರುತ್ತದೆ. ಚಿಕ್ಕಮ್ಮ ಅಲ್ಲಿಗೆ ಬರೆದು ಕೇಳಿದಳು. ತಡವಾಗಿ ಬಂದರೂ ಸೇರಿಸಿಕೊಳ್ಳುತ್ತೇವೆ ಎಂದು ಉತ್ತರ ಬಂತು. ಆದರೆ ಮೊದಲ ಭಾಗದ ಪಾಠ ಮತ್ತೆ ಮಾಡುವುದಿಲ್ಲವಂತೆ. ಮೊದಲ ಭಾಗವೇ ಮಂಡಿಯ ಕೀಲು.

"ಪಾದದ ಕೆಲಸ, ತೊಡೆ ಕೂರುವ ಬಟ್ಟಲಿನ ಕೆಲಸ ಕಲೀಬಹುದು," ಎಂದಳು. ಅಷ್ಟೇ ಹೇಳಿದಳು.

ಹೊಸ ದಿನದಂದು ಅವನು ಅವಳ ಜೊತೆ ಹೋದ. ಬರಬೇಡಿ ಎಂದು ಅವಳು ಹೇಳಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ಅದೇ ಹೆಂಗಸು ಬಾಗಿಲಲ್ಲಿದ್ದಳು. ಕಾಗದವನ್ನು ಕೆಂಪು ಬೆಳಕಿನಡಿ ಹಿಡಿದ ಕೂಡಲೇ ಯಂತ್ರ ಕೀಂ ಎಂದಿತು. ಚಿಕ್ಕಮ್ಮ ಅವನ ಕಡೆ ನೋಡದೆ ಒಳಗೆ ಹೋದಳು. ಜೊತೆಗೆ ಬಂದವರನ್ನು ಒಳಗೆ ಬಿಡುವುದಿಲ್ಲ. ಅವನು ಅವಳ ಫೋನು, ಚೀಲ ಹಿಡಿದುಕೊಂಡು ಬಾಗಿಲ ಪಕ್ಕದ ಬೆಂಚಿನ ಕಡೆಗೆ ತಿರುಗಿದ.

ಆಗ ಸಾಲಿನ ಮುಂದೆ ನಿಂತಿದ್ದ ದಪ್ಪ ಕನ್ನಡಕದವರೊಬ್ಬರ ಕೈಯಲ್ಲಿದ್ದ ಕಾಗದ ಕಂಡಿತು. ಬಾವುಟ, ನೀಲಿ ಅಂಚು, ಅದೇ ಅಕ್ಷರ. ಯಂತ್ರ ಸುಮ್ಮನಿತ್ತು. ಬಾಗಿಲ ಹೆಂಗಸು ಮೆಲ್ಲಗೆ ಏನೋ ಹೇಳಿದಳು. ಆ ಮನುಷ್ಯ ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಡತಿಯ ಬಳಿ ಬಂದರು.

"ಏನಂತೆ?" ಎಂದು ಅವರ ಹೆಂಡತಿ ಕೇಳಿದರು.

"ಏನಿಲ್ಲ, ಅವರ ಕಂಪ್ಯೂಟರ್ ಕೆಟ್ಟಿದೆಯಂತೆ. ಬಾ, ಹೋಗೋಣ."

ಅದು ಕ್ಯಾಷಿಯರ್ ಆಡಿದ್ದ ಮಾತೇ. ಸುಮ್ಮನೆ ಹೋಗಿಬಿಡಬಹುದಿತ್ತು. ಚಿಕ್ಕಮ್ಮನ ಚೀಲ ಕೈಯಲ್ಲಿ ಭಾರವಾಗಿತ್ತು.

"ಸರ್," ಎಂದ, "ಆ ಕಾಗದ... ಆ ಪುಟ ಎಂಬೆಸಿಯದಲ್ಲ."

ಅವರು ಅವನನ್ನೂ ಅವನ ಕೈಯಲ್ಲಿದ್ದ ಹೆಂಗಸರ ಚೀಲವನ್ನೂ ನೋಡಿದರು. "ನೀವು ಯಾವ ಏಜೆಂಟು? ನಮಗೆ ಬೇಡ. ಒಂದು ಸಲ ಆಗಿದ್ದೇ ಸಾಕು," ಎಂದುಬಿಟ್ಟರು. ಆಮೇಲೆ ಹೆಂಡತಿಯ ಮುಂದೆ ಎಂಥ ಮಾತು ಆಡಿಬಿಟ್ಟೆನೆಂದು ಹೊಳೆದು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

"ಏನು ಆಗಿದ್ದು ಸಾಕು?" ಎಂದರು ಹೆಂಡತಿ.

ಸಾಲಿನಲ್ಲಿದ್ದವರು ತಂತಮ್ಮ ಕಾಗದ ನೋಡಿಕೊಂಡರು.

"ನಾನು ಏಜೆಂಟಲ್ಲಮ್ಮ," ಎಂದ ಕ್ಯಾಷಿಯರ್. ದನಿ ಅವನಿಗೇ ಸಣ್ಣದಾಗಿ ಕೇಳಿಸಿತು. "ಬ್ಯಾಂಕಲ್ಲಿ ಕೆಲಸ. ಅದೇ ಪುಟದಲ್ಲಿ ನಾನೂ ದುಡ್ಡು ಕಟ್ಟಿದ್ದೆ. ಸಿಸ್ಟಮ್ ಕೆಟ್ಟಿದೆ ಅಂತ ನಾನೂ ಮನೆಯವರಿಗೆ ಹೇಳಿದ್ದೆ. ಸುಮ್ಮನಿದ್ದ ದಿನಗಳಲ್ಲೇ ಕೆಲಸ ಕೆಟ್ಟಿತು. ಇವತ್ತೇ ಕೇಂದ್ರಕ್ಕೆ ಬರೆದ್ರೆ ನಿಮಗೆ ದಿನ ಸಿಗಬಹುದು."

ಆ ಹೆಂಗಸು ಗಂಡನನ್ನು ನೋಡಿದರು. ಗಂಡ ಕನ್ನಡಕ ಒರೆಸುತ್ತಲೇ ಇದ್ದರು. ಆಕೆ ತಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಬೆಂಚಿನಲ್ಲಿ ಸ್ವಲ್ಪ ಸರಿದರು.

"ಕೂತ್ಕೊಳ್ಳಿ," ಎಂದರು. "ಮೊದಲಿಂದ ಹೇಳಿ. ಇವರೂ ಕೇಳಿಸ್ಕೊಳ್ಳಲಿ."